ಬೆಕ್ಕಿಗೆ ಪಾವ್ ಗುಳಿಗಿನೂ ಬ್ಯಾಡ

ಮೊನ್ನೆ ಮುಂಜಾನೆ ಅಕ್ಕಿ ಹಸನ ಮಾಡಕೋತ ಕಟ್ಟಿ ಮ್ಯಾಲೆ ಕೂತಿದ್ದೆ. ಮಗ್ಗಲ ಮನಿ ವೈನಿ ಗ್ವಾಡಿ ಆಚೆಯಿಂದನ ಕೇಳಿದ್ರು: "ನಮ್ಮ ಬೆಕ್ಕು ಕುಂಟಲಿಕ್ಕತ್ತದ್ರಿ, ಮೈ ಬ್ಯಾರೆ ಬಿಸಿ ಅದ. ಜ್ವರದ ಗುಳಿಗಿ ಪಾವ್ ಮುರದು ಬೆಣ್ಯಾಗ ಹಚ್ಚಿ ಕೊಡ್ಲೇನು? ಸಣ್ಣ ಹುಡುಗ್ರಿಗೂ ಕೊಡ್ತೀವಲ್ಲಾ."

ನಾ ಮರ ಅಲ್ಲೇ ಇಟ್ಟು ಎದ್ದು ಹೋದೆ. ಅವರ ಕೈಯಾಗಿನ ಗುಳಿಗಿ ಪಾಕೀಟು ಇಸಕೊಂಡೆ. ಅವರಿಗೆ ಸಿಟ್ಟು ಬಂದಿರಬೇಕು. ಆದ್ರ ಆ ಪಾವ್ ಗುಳಿಗಿ ಏನು ಮಾಡ್ತದ ಅಂತ ನನಗ ಗೊತ್ತದ. ಯಾಕಂದ್ರ ನಾನೂ ಹಿಂದಕ ಅದನ್ನ ಕೊಟ್ಟಾಕಿನ.

ನಾ ವರ್ಷಗಟ್ಟಲೆ ಹೈಸ್ಕೂಲಿನ್ಯಾಗ ಜೀವಶಾಸ್ತ್ರ ಕಲಿಸಿದಾಕಿ. ಬೋರ್ಡಿನ ಮ್ಯಾಲೆ ಲಿವರಿನ ಚಿತ್ರ ಎಷ್ಟು ಸಲ ತಗದೀನೋ ಲೆಕ್ಕ ಇಲ್ಲ. ಅಂಥಾಕಿ ಒಂದು ರಾತ್ರಿ ನಮ್ಮ ಚಿಂಗಿ ಮಾಳಗಿಯಿಂದ ಬಿದ್ದು ಕಾಲು ಎಳಕೋತ ಬಂದಾಗ, ಪಾಪ ನೋವಾಗಿರಬೇಕು ಅಂತ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಗುಳಿಗಿ ನಾಕು ತುಣುಕು ಮಾಡಿ ಒಂದನ್ನ ಬಾಯಾಗ ಹಾಕಿದೆ. ಮುಂಜಾನೆ ಇನ್ನೊಂದು ತುಣುಕು. ಮಧ್ಯಾಹ್ನದ ಹೊತ್ತಿಗೆ ಅದರ ಬಾಯಾಗಿಂದ ಜೊಲ್ಲು ಸುರೀಲಿಕ್ಕತ್ತು. ಮಾರಿ ಊದಿತು, ಮುಂದಿನ ಪಂಜಾನೂ ಊದಿದ್ವು. ಹೊಟ್ಟಿ ಏರಿಳಿಸಿಕೋತ ಉಸಿರಾಡಲಿಕ್ಕತ್ತು. ತುಟಿ ಎತ್ತಿ ನೋಡಿದ್ರ, ಗುಲಾಬಿ ಇರಬೇಕಾದ ಒಸಡು ಹಳೇ ಚಹಾದ ಚರಟದಂಗ ಕಂದು ಬಣ್ಣಕ್ಕ ತಿರುಗಿತ್ತು.

ಡಾಕ್ಟರ್ ಬಾಯಾರು ಒಂದು ಹನಿ ರಕ್ತ ತಗದು ಬಿಳೇ ಕಾಗದದ ಮ್ಯಾಲೆ ಬಿಟ್ರು. ಕೆಂಪಿಲ್ಲ, ಚಾಕಲೇಟ್ ಬಣ್ಣ. "ಏನು ಕೊಟ್ಟೀರಿ?" ಅಂದ್ರು. ನಾ ಹೇಳಿದೆ. ಅವರು ಬೈಲಿಲ್ಲ. ಬೈದಿದ್ರ ಛೊಲೊ ಇತ್ತು.

ಈಗ ಲೆಕ್ಕ ನೋಡ್ರಿ, ಯಾಕಂದ್ರ ತಪ್ಪು ಇರೋದು ಲೆಕ್ಕದಾಗನ. 60 ಕಿಲೋ ತೂಕದ ಹೆಂಗಸು ಒಂದು 500 ಮಿಲಿಗ್ರಾಂ ಗುಳಿಗಿ ನುಂಗಿದ್ರ ಕಿಲೋಕ್ಕ ಸುಮಾರು 8 ಮಿಲಿಗ್ರಾಂ ಬೀಳ್ತದ. ಕೂಸಿಗೆ ಡಾಕ್ಟರು ಹೆಚ್ಚಂದ್ರ ಕಿಲೋಕ್ಕ 15 ರ ಲೆಕ್ಕದಾಗ ಬರೀತಾರ. ನಮ್ಮ ಚಿಂಗಿ 4 ಕಿಲೋ. ಪಾವ್ ಗುಳಿಗಿ ಅಂದ್ರ 125 ಮಿಲಿಗ್ರಾಂ, ಅಂದ್ರ ಕಿಲೋಕ್ಕ 31. "ಒಂದ ಚೂರು" ಅಂತ ಕೊಟ್ಟಿದ್ದು ಕೂಸಿನ ಡೋಸಿನ ಎರಡು ಪಟ್ಟು. ಅದನ್ನ ನಾ ಎರಡು ಸಲ ಕೊಟ್ಟೆ.

ಹಂಗಾರ ಇನ್ನೂ ಸಣ್ಣ ಚೂರು ಕೊಟ್ರ ನಡೀತದೇನು ಅಂತ ಕೇಳ್ತೀರಿ. ಇಲ್ಲ. ಬೆಕ್ಕಿಗೆ ಕಿಲೋಕ್ಕ 10 ಮಿಲಿಗ್ರಾಂ ಬಿದ್ದಾಗಲೂ ವಿಷ ಏರಿದ್ದು ದಾಖಲೆ ಅದ. ಪ್ಯಾರಾಸಿಟಮಾಲಿಗೆ ಬೆಕ್ಕಿನ ಮಟ್ಟಿಗೆ "ಇಷ್ಟು ಕೊಟ್ರ ಸುರಕ್ಷಿತ" ಅನ್ನೋ ಅಳತಿನ ಇಲ್ಲ. ಯಾಕಂದ್ರ ಬೆಕ್ಕು ಸಣ್ಣ ಕೂಸಲ್ಲ. ಅದರ ಲಿವರ್ ಕೆಲಸ ಮಾಡೋ ರೀತಿನ ಬ್ಯಾರೆ.

ನಾವು ನುಂಗಿದ ಔಷಧ ಕೆಲಸ ಮುಗಿಸಿದ ಮ್ಯಾಲೆ ಮೈಯಿಂದ ಹೊರಗ ಹೋಗಬೇಕಲ್ಲ. ಹೋಗಬೇಕಂದ್ರ ನೀರಾಗ ಕರಗಬೇಕು, ಮೂತ್ರದಾಗ ಸೇರಬೇಕು. ಎಣ್ಣಿ ಜಿಡ್ಡಿನ ಭಾಂಡಿ ಬರೇ ನೀರಿಗೆ ಸ್ವಚ್ಛ ಆಗೂದಿಲ್ಲ, ಸಬಕಾರ ಬೇಕು. ಹಂಗ ಲಿವರ್ ಔಷಧಕ್ಕ ಏನಾದ್ರೂ ಒಂದನ್ನ ಅಂಟಿಸಿ ನೀರಾಗ ಕರಗೂ ಹಂಗ ಮಾಡ್ತದ. ಪ್ಯಾರಾಸಿಟಮಾಲಿಗೆ ನಮ್ಮ ಲಿವರಿನ್ಯಾಗ ಮೂರು ಬಾಗಲಾ ಅವ ಅಂತ ತಿಳೀರಿ. ಮೊದಲನೇದು ದೊಡ್ಡ ಬಾಗಲಾ: ಸಕ್ಕರಿಯಿಂದ ತಯಾರಾದ ಗ್ಲುಕುರಾನಿಕ್ ಆಮ್ಲ ಅಂಟಿಸಿ ಕಳಿಸೋದು. ನಮ್ಮಲ್ಲಿ ಔಷಧದ ಅರ್ಧಕ್ಕೂ ಹೆಚ್ಚು ಪಾಲು ಇಲ್ಲಿಂದನ ಹೊಂಟು ಹೋಗ್ತದ. ಎರಡನೇದು ಸಣ್ಣ ಬಾಗಲಾ: ಸಲ್ಫೇಟ್ ಅಂಟಿಸಿ ಕಳಿಸೋದು. ಮೂರನೇದು ಹಿತ್ತಲ ಬಾಗಲಾ. ಅಲ್ಲಿಂದ ಹೋಗೋದು ಸ್ವಲ್ಪನ, ಆದ್ರ ಆ ದಾರಿಯೊಳಗ ಔಷಧ ತಾನ ವಿಷ ಆಗ್ತದ. ಅದನ್ನ ಹಿಡದು ತಣ್ಣಗ ಮಾಡಲಿಕ್ಕೆ ಗ್ಲುಟಾಥಯೋನ್ ಅಂತ ಒಂದು ವಸ್ತು ಕಾವಲಿಗೆ ನಿಂತಿರ್ತದ.

ಬೆಕ್ಕಿನ ಮನಿಯೊಳಗ ಆ ದೊಡ್ಡ ಬಾಗಲಾನ ಮುಚ್ಚೇದ. ಪ್ಯಾರಾಸಿಟಮಾಲಿನಂಥಾ ಔಷಧಕ್ಕ ಸಕ್ಕರಿ ಆಮ್ಲ ಅಂಟಿಸೋ ಕಿಣ್ವ ಹುಟ್ಟಬೇಕಾದ್ದು ಯುಜಿಟಿ1ಎ6 ಅನ್ನೋ ಜೀನಿನಿಂದ. ಬೆಕ್ಕಿನ ಕುಲದಾಗ ಆ ಜೀನು ಎಂದೋ ಕೆಟ್ಟು ನಿಂತದ. ನಮ್ಮ ಅಡಗಿಮನಿ ಬೆಕ್ಕಿಗೆ ಅಷ್ಟ ಅಲ್ಲ, ಹುಲಿ ಸಿಂಹಕ್ಕೂ ಅದ ಗತಿ. ವಿಜ್ಞಾನಿಗಳು ಕೊಡೋ ಕಾರಣ ಹಿಂಗದ: ತಪ್ಪಲಾ, ಕಾಯಿ, ಬೇರು ತಿನ್ನೋ ಪ್ರಾಣಿಗೆ ಗಿಡದೊಳಗಿನ ವಿಷ ಕಳಕೊಳ್ಳಲಿಕ್ಕೆ ಈ ಕಿಣ್ವ ಬೇಕು. ಬರೇ ಮಾಂಸ ತಿನ್ನೋ ಕುಲಕ್ಕ ಅದು ಬೇಕಾಗಲಿಲ್ಲ, ಕೆಟ್ಟರೂ ಅಡಚಣಿ ಆಗಲಿಲ್ಲ. ಇಲಿ ತಿಂದು ಬದುಕೂತನಕ ಆ ಬಾಗಲಾ ಇಲ್ಲದ್ದು ಗೊತ್ತ ಆಗೂದಿಲ್ಲ. ನಾವು ಗುಳಿಗಿ ಕೊಟ್ಟ ದಿವಸ ಗೊತ್ತಾಗ್ತದ.

ದೊಡ್ಡ ಬಾಗಲಾ ಮುಚ್ಚಿದ ಮ್ಯಾಲೆ ಎಲ್ಲಾ ಔಷಧ ಸಣ್ಣ ಬಾಗಲಕ್ಕ ನುಗ್ತದ. ಅದು ಲಗೂನ ತುಂಬಿ ಹೋಗ್ತದ. ಉಳದದ್ದು ಹಿತ್ತಲ ಬಾಗಲಕ್ಕ ಹೋಗಿ ವಿಷ ಆಗ್ತದ, ಕಾವಲಿನ ಗ್ಲುಟಾಥಯೋನ್ ಖಾಲಿ ಆಗ್ತದ. ಹೊರಗ ಹೋಗಲಾರದ ಔಷಧದ ತುಣುಕುಗಳು ರಕ್ತದಾಗ ತಿರಗಾಡಕೋತ ಕೆಂಪು ಕಣಕ್ಕ ಕೈ ಹಾಕ್ತಾವ. ರಕ್ತದಾಗಿನ ಕಬ್ಬಿಣ ಒಂದು ನಮೂನಿ ಜಂಗು ಹಿಡೀತದ, ಉಸಿರಿನ ಆಮ್ಲಜನಕ ಹೊರೂ ಶಕ್ತಿ ಕಳಕೋತದ. ಕೆಂಪು ರಕ್ತ ಚಾಕಲೇಟ್ ಬಣ್ಣ ಆಗೋದು ಇದಕ್ಕ. ತಪ್ಪು ಆಗೋದು ಲಿವರಿನ್ಯಾಗ, ಬೆಕ್ಕು ಉಸಿರುಗಟ್ಟೋದು ರಕ್ತದಿಂದ. ಎದಿ ತುಂಬ ಗಾಳಿ ಎಳಕೊಂಡ್ರೂ ಹೊರೂವವರು ಇರೂದಿಲ್ಲ. ಮನಷ್ಯಾರಿಗೆ ಇದ ಗುಳಿಗಿ ಅತಿ ಆದ್ರ ಒಂದೆರಡು ದಿವಸ ಬಿಟ್ಟು ಲಿವರ್ ಸೋಲ್ತದ. ಬೆಕ್ಕಿಗೆ ತಾಸುಗಳ ಲೆಕ್ಕದಾಗನ ರಕ್ತ ಸೋಲ್ತದ.

ನಮ್ಮ ಚಿಂಗಿಗೆ ಆಮ್ಲಜನಕ ಹಚ್ಚಿದ್ರು, ಸಲೈನ್ ಹಚ್ಚಿದ್ರು, ಎನ್-ಅಸಿಟೈಲ್‌ಸಿಸ್ಟೀನ್ ಅನ್ನೋ ಔಷಧ ಕೊಟ್ರು. ಅದು ಖಾಲಿ ಆದ ಗ್ಲುಟಾಥಯೋನ್ ಮತ್ತ ತಯಾರಾಗಲಿಕ್ಕೆ ಬೇಕಾದ ಸಾಮಾನು ಒದಗಸ್ತದ. ಮನಷ್ಯಾರು ಪ್ಯಾರಾಸಿಟಮಾಲ್ ಹೆಚ್ಚು ನುಂಗಿದಾಗ ದವಾಖಾನಿಯೊಳಗ ಕೊಡೋದೂ ಇದನ್ನ. ಒಂದ ಸಲಕ್ಕ ಮುಗಿಯೂದಿಲ್ಲ, ತಾಸುಗಟ್ಟಲೆ ಅಂತರದಾಗ ಮತ್ತ ಮತ್ತ ಕೊಡಬೇಕು. ನಾಕನೇ ದಿವಸ ಅದು ತಾನ ಎದ್ದು ನೀರು ಕುಡೀತು. ಅದು ಬದುಕಿತು. ನಾ ಇನ್ನೊಂದು ರಾತ್ರಿ "ನೋಡೋಣ, ಮುಂಜಾನೆ ತನಕ ಆರಾಮಾಗ್ತದ" ಅಂತ ಬಿಟ್ಟಿದ್ರ ಬದುಕ್ತಿದ್ದಿಲ್ಲ.

"ಪ್ಯಾರಾಸಿಟಮಾಲ್ ಬ್ಯಾಡಂದ್ರ ಬ್ಯಾರೆ ನೋವಿನ ಗುಳಿಗಿ ಕೊಡೋಣ" ಅಂತ ನಮ್ಮ ಅತ್ತಿಗಿ ಅಂದ್ರು. ಅದೂ ಬ್ಯಾಡ. ಆಸ್ಪಿರಿನ್ ತಗೋರಿ. ನಮ್ಮ ಮೈಯಾಗ ಸಾದಾ ಡೋಸಿನ ಅರ್ಧ ಪಾಲು ಮೂರ್ನಾಕು ತಾಸಿನ್ಯಾಗ ಕಳೀತದ. ಬೆಕ್ಕಿನ ಮೈಯಾಗ ಅರ್ಧ ಕಳೀಲಿಕ್ಕೆ ಸುಮಾರು ಒಂದೂವರಿ ದಿವಸ ಬೇಕು. ಇಲ್ಲೂ ಅದ ಮುಚ್ಚಿದ ಬಾಗಲಾ. ದಿನಕ್ಕ ಮೂರು ಸಲ ಕೊಟ್ರ ಹಿಂದಿನ ಗುಳಿಗಿ ಹೋಗೂದರಾಗ ಮುಂದಿನವು ಬಂದು ಒಂದರ ಮ್ಯಾಲೊಂದು ಪೇರಿಸ್ತಾವ. ಐಬುಪ್ರೊಫೇನ್ ಹೊಟ್ಟಿಯೊಳಗ ಹುಣ್ಣು ಮಾಡ್ತದ, ಕಿಡ್ನಿ ಕೆಡಸ್ತದ. ನಮ್ಮ ಡಬ್ಬ್ಯಾಗಿನ ಎಷ್ಟೋ ಮೈಕೈ ನೋವಿನ ಗುಳಿಗಿ, ನೆಗಡಿ ಗುಳಿಗಿಯೊಳಗ ಇವುಗಳ ಜೋಡಿ ಪ್ಯಾರಾಸಿಟಮಾಲ್ ಸೇರಿಸಿರ್ತಾರ. ಪಾಕೀಟಿನ ಹಿಂದ ಸಣ್ಣ ಅಕ್ಷರದಾಗ ಬರದಿರ್ತದ, ಓದಿ ನೋಡ್ರಿ.

ಬೆಕ್ಕಿಗೆ ನೋವಿನ ಔಷಧನ ಇಲ್ಲ ಅಂತಲ್ಲ. ಮೆಲಾಕ್ಸಿಕ್ಯಾಮ್ ಅಂತ ಒಂದದ. ಅದು ಆ ಸಕ್ಕರಿ ಬಾಗಲಾ ಬಿಟ್ಟು ಬ್ಯಾರೆ ದಾರಿಯಿಂದ ಹೋಗ್ತದ, ಅದಕ್ಕ ಪಶು ಡಾಕ್ಟರು ತೂಕ ನೋಡಿ, ಕಿಡ್ನಿ ನೋಡಿ ಅದನ್ನ ಬರೀತಾರ. ಆದ್ರ ಅಳತಿ ಕೇಳ್ರಿ: 4 ಕಿಲೋ ಬೆಕ್ಕಿಗೆ ದಿನದ ಡೋಸು ಸುಮಾರು 0.2 ಮಿಲಿಗ್ರಾಂ. ಮನಷ್ಯಾರ ಗುಳಿಗಿ 15 ಮಿಲಿಗ್ರಾಮಿಂದು. ಒಂದು ಗುಳಿಗಿನ 75 ತುಣುಕು ಯಾವ ಈಳಿಗಿಂದ ಮಾಡ್ತೀರಿ? ಔಷಧದ ಹೆಸರು ಗೊತ್ತಾತು ಅಂತ ನಾವ ಡಾಕ್ಟರಾಗಬಾರದು.

ಇನ್ನ "ಮೈ ಬಿಸಿ ಅದ" ಅನ್ನೋ ಮಾತು. ಆರಾಮ ಇರೋ ಬೆಕ್ಕಿನ ಮೈನ 100.5 ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರ್ತದ. ನಮ್ಮ ಕೈಗೆ ಅದು ಯಾವಾಗಲೂ ಬಿಸಿನ ಹತ್ತಬೇಕು. ಮಗ್ಗಲ ಮನಿ ಬೆಕ್ಕಿಗೆ ಜ್ವರ ಇದ್ದಿದ್ದಿಲ್ಲ. ಪಂಜಾದಾಗ ಜಾಲಿ ಮುಳ್ಳು ಮುರದಿತ್ತು, ಡಾಕ್ಟರ್ ಬಾಯಾರು ಎರಡು ನಿಮಿಷದಾಗ ತಗದ್ರು.

ಗೊತ್ತಿಲ್ಲದ ಕೊಟ್ಟುಬಿಟ್ಟೀರಿ, ಇಲ್ಲಾ ಅದ ಬಿದ್ದ ಗುಳಿಗಿ ನೆಕ್ಕೇದ ಅಂತ ಗೊತ್ತಾತು. ಆವಾಗ ಒಸಡು ಕಂದು ಆಗೂತನಕ ಕಾಯಬ್ಯಾಡ್ರಿ. ಉಪ್ಪು ನೀರು ಕುಡಿಸಿ ವಾಂತಿ ಮಾಡಸಬ್ಯಾಡ್ರಿ, ಆ ಉಪ್ಪೂ ಅದಕ್ಕ ವಿಷನ. ಹಾಲು ಹಾಕಿದ್ರ ವಿಷ ಇಳೀತದ ಅನ್ನೋದೂ ಸುಳ್ಳು. ಗುಳಿಗಿ ಪಾಕೀಟು ತಗೋರಿ, ಎಷ್ಟು ತುಣುಕು, ಎಷ್ಟು ಗಂಟೆಕ್ಕ ಅಂತ ಚೀಟಿ ಮ್ಯಾಲೆ ಬರೀರಿ, ಬುಟ್ಟ್ಯಾಗ ಬೆಕ್ಕು ಹಾಕ್ಕೊಂಡು ಆಗಿಂದಾಗ ನಡೀರಿ. ಮತ್ತ ನಾಚಿಕಿ ಮಾಡಕೊಂಡು ಮುಚ್ಚಿಡಬ್ಯಾಡ್ರಿ. ಏನು ಕೊಟ್ಟೀವಿ ಅಂತ ಗೊತ್ತಾಗದಿದ್ರ ಡಾಕ್ಟರು ಹುಡುಕೋದರಾಗನ ತಾಸು ಕಳೀತಾವ.

ನಮ್ಮ ಮನಿ ಔಷಧ ಡಬ್ಬಿ ಮ್ಯಾಲೆ ನಾ ಈಗ ಒಂದು ಚೀಟಿ ಹಚ್ಚೀನಿ: "ಇದರಾಗಿಂದು ಚಿಂಗಿಗೆ ಏನೂ ಇಲ್ಲ." ಮೊಮ್ಮಗಳು ಓದಿ ನಗ್ತಾಳ. ನಗಲಿ. ವೈನಿ ಮೊನ್ನೆ ಸಂಜೀಕ ಬಂದು ತಮ್ಮ ಡಬ್ಬಿಗೂ ಒಂದು ಬರಸ್ಕೊಂಡು ಹೋದ್ರು.