ಅರಬೈಲ್ ಘಟ್ಟದಲ್ಲಿ ನ್ಯೂಟ್ರಲ್ ಉಳಿತಾಯ

ಸಾವಳಗಿ, ಜಮಖಂಡಿ ಕಡೆಯಿಂದ ಹುಬ್ಬಳ್ಳಿ ಮೇಲೆ ಅಂಕೋಲಾಕ್ಕೆ ಹೋಗುವ ಲಾರಿ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯಬೇಕು. ಡೀಸೆಲ್ ಉಳಿಯುತ್ತದೆಂದು ಕೆಲವರು ಅಲ್ಲಿ ನ್ಯೂಟ್ರಲ್ ಹಾಕುತ್ತಾರೆ. ಲೆಕ್ಕವೇ ಉಲ್ಟಾ. ಈಗಿನ ಇಂಜಿನ್‌ಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಸುಡುತ್ತಲೇ ಇರುತ್ತದೆ.

ಮೇಲಾಗಿ ಇಡೀ ಲೋಡನ್ನು ಬ್ರೇಕೊಂದೇ ತಡೆಯಬೇಕು. ಡ್ರಮ್ ಕಾದಂತೆ ಲೈನರ್ ಹಿಡಿತ ಬಿಡುತ್ತದೆ, ಸುಟ್ಟ ವಾಸನೆ ಬರುತ್ತದೆ. ಆ ಕಾವು ರಿಮ್ಮಿಗೆ, ರಿಮ್ಮಿನಿಂದ ಟೈರಿನ ಅಂಚಿಗೆ ಹತ್ತುತ್ತದೆ. ಗಾಡಿ ನಿಂತರೆ ಗಾಳಿ ಬಡಿಯುವುದಿಲ್ಲ; ಹಾಗಾಗಿ ಕೆಳಗೆ ಚಹಾಕ್ಕೆ ನಿಲ್ಲಿಸಿದ ಮೇಲೂ ಟೈರ್ ಸಿಡಿಯಬಹುದು. ನೀರು ಸುರಿದರೆ ಡ್ರಮ್ ಬಿರಿಯಬಹುದು. ದೂರ ನಿಂತು ತಾನಾಗಿ ಆರಲು ಬಿಡಬೇಕು.

ಡೀಸೆಲ್ ಬಿಲ್ಲಿಗೆ ಡ್ರೈವರನನ್ನು ಬೈಯುವ ಮಾಲಕರು ಮೊದಲು ಎಕ್ಸಾಸ್ಟ್ ಬ್ರೇಕ್ ರಿಪೇರಿ ಮಾಡಿಸಲಿ. ಇಳಿಜಾರು ಶುರುವಾಗುವ ಮುಂಚೆಯೇ ಕೆಳಗಿನ ಗೇರಿಗೆ ಬಂದರೆ ಅರ್ಧ ತಡೆಯುವ ಕೆಲಸ ಇಂಜಿನ್ನೇ ಮಾಡುತ್ತದೆ.