ಎರಡು ನಿಮಿಷದ ಮಾತು

ವಿದೇಶಕ್ಕೆ ಹೊರಟ ನಮ್ಮ ಮಕ್ಕಳು ಬರೆಯುವ ಐಇಎಲ್‌ಟಿಎಸ್ ಪರೀಕ್ಷೆಯ ಮಾತಿನ ಭಾಗವನ್ನು ಕುರಿತು ನನ್ನದೊಂದು ಅಭಿಪ್ರಾಯವಿದೆ. ಇವರಲ್ಲಿ ಬಹುಮಂದಿ ಅಲ್ಲಿ ಹಿಂದೆ ಬೀಳುವುದು ಇಂಗ್ಲಿಷ್ ಬಾರದ ಕಾರಣದಿಂದಲ್ಲ. ಪ್ರಶ್ನೆಪತ್ರಿಕೆಗೆ ಉತ್ತರ ಬರೆಯುವ ನಮ್ಮ ಶಾಲೆಗಳ ಕ್ರಮವನ್ನೇ ಆ ಕೋಣೆಯೊಳಕ್ಕೂ ಹೊತ್ತೊಯ್ಯುವುದರಿಂದ. ಒಂದು, ಎರಡು, ಮೂರು ಎಂದು ಅಂಶಗಳನ್ನು ಒಪ್ಪಿಸಿ, ಕೇಳಿದ್ದಕ್ಕೆ ಮಾತ್ರ ಉತ್ತರಿಸಿ ಸುಮ್ಮನಾಗುವುದು ನಮ್ಮಲ್ಲಿ ಜಾಣತನವೆನಿಸಿದೆ. ಅಲ್ಲಿ ಅದೇ ತೊಡಕು.

ಪರೀಕ್ಷೆಯ ಸ್ವರೂಪವನ್ನು ಅರಿಯದ ಬಂಧುಗಳಿಗಾಗಿ ಎರಡು ಮಾತು. ಒಬ್ಬ ಪರೀಕ್ಷಕರು, ಒಬ್ಬ ಅಭ್ಯರ್ಥಿ, ಒಟ್ಟು 11ರಿಂದ 14 ನಿಮಿಷ, ಮಾತೆಲ್ಲವೂ ಧ್ವನಿಮುದ್ರಣವಾಗುತ್ತದೆ. ಮೊದಲ ನಾಲ್ಕೈದು ನಿಮಿಷ ಊರು, ಮನೆ, ಉದ್ಯೋಗ, ಹವ್ಯಾಸಗಳ ಬಗೆಗೆ ಸರಳ ಪ್ರಶ್ನೆಗಳು. ಇವಕ್ಕೆ ಎರಡು ಮೂರು ವಾಕ್ಯ ಸಾಕು. ಕಡೆಯ ನಾಲ್ಕೈದು ನಿಮಿಷ ಸಮಾಜಕ್ಕೆ ಸಂಬಂಧಿಸಿದ ಚರ್ಚೆ. ಇವೆರಡರ ನಡುವೆ ಬರುವ ಭಾಗದಲ್ಲಿ ಅಭ್ಯರ್ಥಿಯ ಕೈಗೆ ಒಂದು ಚೀಟಿಯನ್ನೂ ಹಾಳೆ ಮತ್ತು ಪೆನ್ಸಿಲನ್ನೂ ಕೊಡುತ್ತಾರೆ. ಯೋಚಿಸಲು ಒಂದು ನಿಮಿಷ. ಆಮೇಲೆ ಒಂದರಿಂದ ಎರಡು ನಿಮಿಷ ಒಬ್ಬರೇ ಮಾತನಾಡಬೇಕು. ನಮ್ಮವರು ಎಡವುವುದು ಇಲ್ಲಿಯೇ.

ನನ್ನ ತಂಗಿಯ ಮೊಮ್ಮಗಳು ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ನರ್ಸ್. ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಾಯಿಸಿಕೊಳ್ಳಲು ಈ ಪರೀಕ್ಷೆಯನ್ನು ಆರಿಸಿಕೊಂಡವರಿಗೆ ಮಾತಿನಲ್ಲಿ 9ಕ್ಕೆ 7 ಬೇಕು. ಹಿಂದಿನ ಬಾರಿ ಅವಳಿಗೆ ಬಂದದ್ದು ಆರು. ಈ ಸಲವೂ ಕೈತಪ್ಪಿದರೆ ಶುಲ್ಕದ ಜೊತೆಗೆ ಮತ್ತೊಂದು ವರ್ಷವೂ ಹೋದಂತೆಯೇ. ಅಭ್ಯಾಸಕ್ಕೆಂದು ಬಂದವಳಿಗೆ ನಾನೇ ಒಂದು ಚೀಟಿ ಬರೆದುಕೊಟ್ಟೆ: 'ಮನೆಯಲ್ಲಿ ಕೆಟ್ಟು, ಮತ್ತೆ ಸರಿಯಾದ ಒಂದು ವಸ್ತುವಿನ ಬಗ್ಗೆ ಹೇಳಿ. ಅದು ಯಾವುದು, ಹೇಗೆ ಕೆಟ್ಟಿತು, ಯಾರು ಸರಿಪಡಿಸಿದರು, ಆಗ ನಿಮಗೆ ಏನನ್ನಿಸಿತು.' ನಿಜವಾದ ಚೀಟಿಗಳೂ ಹೀಗೆಯೇ ಒಂದು ವಿಷಯ, ಅದರಡಿಯಲ್ಲಿ ಮೂರು ನಾಲ್ಕು ಸಾಲುಗಳನ್ನು ಹೊತ್ತಿರುತ್ತವೆ.

ಅವಳು ನಾಲ್ಕು ಸಾಲಿಗೆ ನಾಲ್ಕು ಉತ್ತರ ಕೊಟ್ಟಳು. ವಸ್ತು ಗ್ರೈಂಡರ್, ಅದರ ಬೆಲ್ಟ್ ತುಂಡಾಯಿತು, ಪಕ್ಕದ ಮನೆಯವರು ಸರಿಪಡಿಸಿದರು, 'ಐ ಫೆಲ್ಟ್ ವೆರಿ ಹ್ಯಾಪಿ'. ಗಡಿಯಾರ ನೋಡಿದೆ, 38 ಸೆಕೆಂಡು. ತಪ್ಪಿಲ್ಲದ ಇಂಗ್ಲಿಷ್, ಆದರೆ ಅಳೆಯುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

"ಇನ್ನೇನು ಹೇಳಲಿ ಅಜ್ಜ, ಕೇಳಿದ್ದಕ್ಕೆಲ್ಲ ಹೇಳಿದೆನಲ್ಲ" ಎಂದಳು.

"ಆಗಲಿ, ಅದೇ ಗ್ರೈಂಡರಿನ ಕಥೆಯನ್ನು ಕನ್ನಡದಲ್ಲಿ ಹೇಳು ಮಗು" ಎಂದೆ.

ನಾಲ್ಕು ನಿಮಿಷವಾದರೂ ನಿಲ್ಲಲಿಲ್ಲ! ಆ ಗ್ರೈಂಡರ್ ಅವಳ ಅಜ್ಜಿ, ಅಂದರೆ ನನ್ನ ತಂಗಿ, ಚೀಟಿ ಹಣ ಕೂಡಿಸಿ ಕೊಂಡದ್ದು. ಯುಗಾದಿಯ ಹಿಂದಿನ ರಾತ್ರಿ, ಅರ್ಧ ಹಿಟ್ಟು ಒಳಗಿರುವಾಗ ಬೆಲ್ಟ್ ಹರಿಯಿತು, ಅಂಗಡಿಗಳೆಲ್ಲ ಮುಚ್ಚಿದ್ದವು. ಪಕ್ಕದ ಮನೆಯ ನಿವೃತ್ತ ಮೆಕ್ಯಾನಿಕರು ತಮ್ಮ ಹಳೆಯ ಪೆಟ್ಟಿಗೆಯಿಂದ ಬೇರೊಂದು ಬೆಲ್ಟ್ ಹುಡುಕಿ ತಂದು ಹಾಕಿದರು. ಅಂದಿನಿಂದ ಆ ಗ್ರೈಂಡರ್ ಒಂದು ಬಗೆಯ ವಿಚಿತ್ರ ಸದ್ದು ಮಾಡುತ್ತದೆಯಂತೆ. ಸಾಮಗ್ರಿಗೇನು ಕೊರತೆ? ಚೀಟಿಯ ನಾಲ್ಕು ಸಾಲುಗಳನ್ನು ನಾಲ್ಕು ಪ್ರಶ್ನೆಗಳೆಂದು ಭಾವಿಸಿದ್ದೇ ಕುತ್ತಿಗೆ ಹಿಡಿದಿತ್ತು. ಅವು ಕಥೆ ಹಾದುಹೋಗಬೇಕಾದ ಊರುಗಳಿದ್ದಂತೆ; ಎಲ್ಲಿ ಎಷ್ಟು ಹೊತ್ತು ಇಳಿಯಬೇಕೆಂಬುದು ಪ್ರಯಾಣಿಕನಿಗೆ ಬಿಟ್ಟದ್ದು.

ಆದ್ದರಿಂದ ಆ ಒಂದು ನಿಮಿಷದಲ್ಲಿ ವಾಕ್ಯ ಬರೆಯಬಾರದು. ಎರಡು ವಾಕ್ಯ ಮುಗಿಯುವಷ್ಟರಲ್ಲಿ ಸಮಯ ಮುಗಿದಿರುತ್ತದೆ, ಆಮೇಲೆ ಅವನ್ನೇ ಓದುವ ಆಸೆ ಹುಟ್ಟುತ್ತದೆ. ನಡೆದ ಒಂದು ಘಟನೆಯನ್ನು ಆರಿಸಿಕೊಂಡು, ನಡೆದ ಕ್ರಮದಲ್ಲಿಯೇ ಐದು ಪದ ಗೀಚಿಕೊಂಡರೆ ಸಾಕು. ಅವಳು ಬರೆದದ್ದು: ಅಜ್ಜಿ, ಹಬ್ಬದ ರಾತ್ರಿ, ಬೆಲ್ಟ್, ಪೆಟ್ಟಿಗೆ, ಸದ್ದು. ಮಾತನಾಡುವಾಗ ಈ ಹಾಳೆಯನ್ನು ನೋಡಲು ಅಡ್ಡಿಯಿಲ್ಲ. ವಸ್ತುವಿನ ಪೂರ್ವಕಥೆಗೆ ಸುಮಾರು ಅರ್ಧ ನಿಮಿಷ, ಕೆಟ್ಟದ್ದಕ್ಕೂ ಸರಿಯಾದದ್ದಕ್ಕೂ ಕೂಡಿ ಒಂದು ನಿಮಿಷ, ಉಳಿದದ್ದು ಅನಿಸಿಕೆಗೆ. ಹೀಗೆ ಹೇಳಿದಾಗ ಅದೇ ಇಂಗ್ಲಿಷಿನಲ್ಲಿ 1 ನಿಮಿಷ 45 ಸೆಕೆಂಡು ಬಂದಿತು.

ಕಾಲ ತುಂಬುವುದಷ್ಟೇ ಇದರ ಲಾಭವಲ್ಲ. ಅಂಕ ಕೊಡುವುದು ನಾಲ್ಕು ಸಮಪಾಲುಗಳಲ್ಲಿ: ಮಾತಿನ ಓಟ ಮತ್ತು ಹೊಂದಿಕೆ, ಪದಸಂಪತ್ತು, ವ್ಯಾಕರಣದ ವೈವಿಧ್ಯ ಮತ್ತು ಶುದ್ಧಿ, ಉಚ್ಚಾರಣೆ. 'ಬೆಲ್ಟ್ ಅದಾಗಲೇ ಸವೆದುಹೋಗಿತ್ತು', 'ಅವರು ಬಾರದಿದ್ದರೆ ಹಬ್ಬದ ದಿನ ದೋಸೆಯೇ ಇರುತ್ತಿರಲಿಲ್ಲ', 'ಈಗಲೂ ಸದ್ದು ಮಾಡುತ್ತದೆ' ಎಂಬ ಮೂರು ಮಾತಿಗೆ ಇಂಗ್ಲಿಷಿನಲ್ಲಿ ಮೂರು ಬೇರೆ ಬೇರೆ ಕ್ರಿಯಾರೂಪಗಳು ಬೇಕು. ಕಥೆ ತಾನಾಗಿಯೇ ಅವನ್ನು ಎಳೆದು ತರುತ್ತದೆ. ಅಂಶಗಳ ಪಟ್ಟಿ ತರಲಾರದು. ಘಟನೆ ನಿಜವೋ ಕಟ್ಟಿದ್ದೋ ಎಂಬುದಕ್ಕೆ ಅಂಕವಿಲ್ಲ, ಆದರೂ ನಡೆದದ್ದನ್ನು ಹೇಳುವವರು ಪದಕ್ಕಾಗಿ ಮಾತ್ರ ತಡಕುತ್ತಾರೆ; ಕಟ್ಟಿ ಹೇಳುವವರು ಪದಕ್ಕೂ ಸಂಗತಿಗೂ ತಡಕಬೇಕು.

ತರಬೇತಿ ಕೇಂದ್ರವೊಂದು ಅವಳಿಗೆ ಐವತ್ತು ಸಿದ್ಧ ಉತ್ತರಗಳ ಪುಸ್ತಕ ಕೊಟ್ಟಿತ್ತು. ನನಗೆ ಇದರಲ್ಲಿ ಕಿಂಚಿತ್ತೂ ನಂಬಿಕೆಯಿಲ್ಲ. ಕಂಠಪಾಠ ಶುರುವಾದೊಡನೆ ಮಾತಿನ ವೇಗ ಏರುತ್ತದೆ, ದನಿ ಸಪಾಟಾಗುತ್ತದೆ, ಕಣ್ಣು ಸೂರಿಗೆ ಹೋಗುತ್ತದೆ. ಮೂವತ್ತು ವರ್ಷ ಪದ್ಯ ಒಪ್ಪಿಸಿಕೊಂಡವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ಪರೀಕ್ಷಕರಿಗಂತೂ ಬೇಡವೇ ಬೇಡ. ಅದೂ ಅಲ್ಲದೆ ಮುಂದಿನ ಭಾಗದಲ್ಲಿ 'ಜನ ಈಗ ರಿಪೇರಿ ಮಾಡಿಸದೆ ಎಸೆಯುವುದೇಕೆ?' ಎಂಬ ಪ್ರಶ್ನೆ ಬಂದಾಗ ಪುಸ್ತಕದ ಇಂಗ್ಲಿಷ್ ಮಾಯವಾಗಿ ಬೇರೆಯದೇ ಇಂಗ್ಲಿಷ್ ಹೊರಬರುತ್ತದೆ. ಇಂಥ ಪ್ರಶ್ನೆಗೆ ಮೊದಲು ತನ್ನ ನಿಲುವು, ಬಳಿಕ ಕಾರಣ, ಆಮೇಲೆ ಕಂಡ ಒಂದು ಉದಾಹರಣೆ, ಸಾಧ್ಯವಾದರೆ 'ಆದರೆ' ಎಂದು ಮತ್ತೊಂದು ಮಗ್ಗುಲು, ಇಷ್ಟಿದ್ದರೆ ಅರ್ಧ ನಿಮಿಷ ತುಂಬುತ್ತದೆ. ಪ್ರಶ್ನೆ ತಿಳಿಯದಿದ್ದರೆ ಕೇಳಬಹುದು, ನಾಚಿಕೆ ಬೇಡ.

ಇನ್ನೊಂದು ಸಂಗತಿ. ಎರಡು ನಿಮಿಷವಾದೊಡನೆ ಪರೀಕ್ಷಕರು ನಡುವೆಯೇ ತಡೆಯುತ್ತಾರೆ. ವಾಕ್ಯ ಅರ್ಧಕ್ಕೆ ನಿಂತಿತೆಂದು ಇವಳು ಕಳೆದ ಬಾರಿ ಒಮ್ಮೆ ತಡೆದಾಗ ಕಂಗಾಲಾಗಿ, ಮುಂದಿನ ಪ್ರಶ್ನೆಗಳಿಗೆ ತೊದಲಿದಳಂತೆ. ತಡೆದರೆ ಅಂಕ ಹೋಗದು. ಕಾಲ ತುಂಬಿತೆಂದಷ್ಟೇ ಅದರ ಅರ್ಥ. ಒಂದು ನಿಮಿಷಕ್ಕೂ ಮೊದಲೇ ಮಾತು ಬತ್ತಿದರೆ ಮಾತ್ರ ಚಿಂತಿಸಬೇಕು. ಕೋಣೆಯೊಳಕ್ಕೆ ಕೈಗಡಿಯಾರ ಒಯ್ಯುವಂತಿಲ್ಲವಾದ್ದರಿಂದ ಎರಡು ನಿಮಿಷವೆಂದರೆ ಎಷ್ಟು ಎಂಬುದು ಮೈಗೇ ತಿಳಿದಿರಬೇಕು.

ಅದಕ್ಕಾಗಿ ಈಗ ಪ್ರತಿ ಸಂಜೆ ಡ್ಯೂಟಿ ಮುಗಿಸಿ ಅವಳು ಫೋನ್ ಮಾಡುತ್ತಾಳೆ. ನಾನು ವಿಷಯ ಹೇಳಿ ಒಂದು ನಿಮಿಷ ಸುಮ್ಮನಿರುತ್ತೇನೆ. ಅವಳು ಮಾತನಾಡಿ, ಮೊಬೈಲಿನಲ್ಲಿ ಮುದ್ರಿಸಿಕೊಂಡದ್ದನ್ನು ತಾನೇ ಕೇಳಿ, ಎಲ್ಲಿ ದೀರ್ಘವಾಗಿ ನಿಂತೆ, ಎಲ್ಲಿ ನಿನ್ನೆಯ ಕಥೆ ಇದ್ದಕ್ಕಿದ್ದಂತೆ ಇಂದಿನ ಕ್ರಿಯಾಪದಕ್ಕೆ ಜಾರಿತು ಎಂಬ ಎರಡನ್ನೇ ಗುರುತು ಹಾಕಿಕೊಳ್ಳುತ್ತಾಳೆ. ಜೊತೆಗೆ 'ಎಗ್' ಎಂಬುದು 'ಯೆಗ್' ಆಗುವ ನಮ್ಮ ಹಳೆಯ ಚಾಳಿಯನ್ನೂ ಗಮನಿಸಲು ಹೇಳಿದ್ದೇನೆ. ಕನ್ನಡದ ಛಾಯೆ ಇದ್ದರೆ ದೋಷವಲ್ಲ, ಕೇಳುವವರಿಗೆ ಶ್ರಮವಾಗಬಾರದು, ಅಷ್ಟೇ. ನಿನ್ನೆಯ ವಿಷಯ, ತಡವಾಗಿ ಬಂದ ಬಸ್ಸು. ಆಗುಂಬೆಯ ತಿರುವಿನಲ್ಲಿ ಕೆಟ್ಟು ನಿಂತ ಬಸ್ಸಿನ ಕಥೆ 1 ನಿಮಿಷ 50 ಸೆಕೆಂಡು ನಡೆಯಿತು. ಕ್ರಿಯಾಪದ ಎರಡು ಕಡೆ ಜಾರಿತ್ತು. ಪರೀಕ್ಷೆಗೆ ಇನ್ನು ಹತ್ತೊಂಬತ್ತು ದಿನವಿದೆ.