ಕ್ಷಮೆ ಯಾರಲ್ಲಿ ಕೇಳಬೇಕು?

1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ಯಲ್ಲಿ ಬಲಿಯಾಗುವುದು ಹಿಟ್ಟಿನ ಕೋಳಿ. ಮಗ ಹೇಳಿದ ಕೆಟ್ಟ ಕನಸಿಗೆ ಶಾಂತಿಯಾಗಲೆಂದು ಚಂದ್ರಮತಿ ಪ್ರಾಣಿಬಲಿಗೆ ಹಟ ಹಿಡಿಯುತ್ತಾಳೆ. ಯಶೋಧರ ಒಲ್ಲೆನೆನ್ನುತ್ತಾನೆ, ಕಡೆಗೆ ಹಿಟ್ಟಿನ ಹುಂಜಕ್ಕೆ ಒಪ್ಪಿಕೊಳ್ಳುತ್ತಾನೆ. ಅದನ್ನು ಕಡಿದದ್ದಕ್ಕೇ ತಾಯಿ-ಮಗ ನವಿಲಾಗಿ, ನಾಯಿಯಾಗಿ, ಮೀನಾಗಿ, ಮೊಸಳೆಯಾಗಿ ಹುಟ್ಟಿ ಹುಟ್ಟಿ ಸಾಯಬೇಕಾಯಿತು. ಕೊಲ್ಲುತ್ತಿದ್ದೇನೆಂದು ಮನಸ್ಸು ಒಪ್ಪಿತಲ್ಲ, ಜೈನರ ಲೆಕ್ಕದಲ್ಲಿ ಅದೇ ಹಿಂಸೆ. ಅದಕ್ಕೆ ಸಂಕಲ್ಪಹಿಂಸೆ ಎಂದು ಹೆಸರು.

ಪಾಪ ಮನಸ್ಸಿನಲ್ಲೇ ಹುಟ್ಟುವುದಾದರೆ ಅದನ್ನು ತೊಳೆಯಲು ಮನಸ್ಸು ಸಾಕೇ? ಸಾಲದು ಎಂದು ಯೆಹೂದ್ಯರ ಧರ್ಮಶಾಸ್ತ್ರ ಖಂಡಿತವಾಗಿ ಹೇಳುತ್ತದೆ. ಯೋಮ್ ಕಿಪ್ಪುರ್ ದಿನದ ಉಪವಾಸ, ಪ್ರಾರ್ಥನೆಗಳು ದೇವರಿಗೆ ಮಾಡಿದ ತಪ್ಪನ್ನು ಕಳೆಯುತ್ತವೆ. ನೆರೆಯವನಿಗೆ ಮಾಡಿದ ತಪ್ಪು ಮಾತ್ರ, ಅವನನ್ನು ಸಮಾಧಾನಪಡಿಸುವವರೆಗೆ ಹಾಗೇ ಉಳಿಯುತ್ತದೆ.

12ನೇ ಶತಮಾನದ ಪಂಡಿತ ಮೈಮೊನಿಡಿಸ್ ಇದರ ಕ್ರಮವನ್ನೇ ಬರೆದಿಟ್ಟಿದ್ದಾನೆ. ಒಬ್ಬ ಇನ್ನೊಬ್ಬನ ಹಣ ಲಪಟಾಯಿಸಿದ್ದಾನೆ ಎನ್ನೋಣ. ಮೊದಲು ಹಣ ಹಿಂತಿರುಗಿಸಬೇಕು, ಆಮೇಲೆ ಕ್ಷಮೆ ಕೇಳಬೇಕು. ಅವನು ಒಪ್ಪದಿದ್ದರೆ ಅವನ ಸ್ನೇಹಿತರಲ್ಲಿ ಮೂವರನ್ನು ಕರೆದುಕೊಂಡು ಹೋಗಬೇಕು. ಹೀಗೆ ಮೂರು ಸಲ. ಅವನು ಸತ್ತಿದ್ದರೆ ಹತ್ತು ಜನರೊಡನೆ ಸಮಾಧಿಯ ಬಳಿ ನಿಂತು ತಪ್ಪೊಪ್ಪಿಕೊಳ್ಳಬೇಕು, ಹಣ ವಾರಸುದಾರರಿಗೆ ಸೇರಬೇಕು. ಮೂರು ಸಲವೂ ಕ್ಷಮಿಸದವನೇ ಆಮೇಲೆ ಪಾಪಿ ಎಂದೂ ಹೇಳುತ್ತಾನೆ. ಈ ಕೊನೆಯ ಮಾತನ್ನು ನಾನು ಒಪ್ಪಲಾರೆ. ಹಣ ಮರಳಿಸಬಹುದು, ಮಗನನ್ನು ಕಳೆದುಕೊಂಡ ತಾಯಿಗೆ ಕ್ಷಮಿಸಲು ಗಡುವು ಕೊಡುವುದಕ್ಕೆ ನಾವು ಯಾರು?

ಉಳಿದ ಪರಂಪರೆಗಳೂ ಈ ವಿಷಯದಲ್ಲಿ ದೂರವಿಲ್ಲ. ಇಸ್ಲಾಮಿನ ತೌಬಾದಲ್ಲಿ ತಪ್ಪನ್ನು ಬಿಡುವುದು, ಮರುಗುವುದು, ಮತ್ತೆ ಮಾಡೆನೆಂದು ನಿಶ್ಚಯಿಸುವುದರ ಜೊತೆಗೆ, ಕಿತ್ತುಕೊಂಡ ಹಕ್ಕನ್ನು ಅದರ ಒಡೆಯನಿಗೆ ಮರಳಿಸುವುದೂ ಸೇರಿದೆ. ಚಿಕ್ಕಪುಟ್ಟ ಕಳವಿಗೆ ಪ್ರಾಯಶ್ಚಿತ್ತ ಹೇಳುವ ಮನುಸ್ಮೃತಿ ಕದ್ದದ್ದನ್ನು ಹಿಂತಿರುಗಿಸಿಯೇ ವ್ರತ ಮಾಡಬೇಕೆನ್ನುತ್ತದೆ. ಜೈನರು ಪ್ರತಿಕ್ರಮಣದಲ್ಲಿ ಎಲ್ಲ ಜೀವಿಗಳ ಕ್ಷಮೆ ಬೇಡುತ್ತಾರೆ. ಆದರೆ ಎಲ್ಲರನ್ನೂ ಒಟ್ಟಿಗೆ ಕೇಳುವುದು ಸುಲಭ, ಮೋಸಹೋದ ಒಬ್ಬನ ಮನೆಯ ಬಾಗಿಲು ತಟ್ಟುವುದೇ ಕಷ್ಟ. ಹಾಗಾಗಿ ಪಶ್ಚಾತ್ತಾಪ ನಿಜವೋ ಅಲ್ಲವೋ ಎಂಬುದನ್ನು ಕಣ್ಣೀರಿನಿಂದ ಅಳೆಯಬಾರದು, ನೊಂದವನಿಗೆ ಏನು ಮರಳಿತು ಎಂಬುದರಿಂದ ಅಳೆಯಬೇಕು. ಯಶೋಧರನಂತೆ ಎದುರಿಗೆ ನೊಂದವರೇ ಇಲ್ಲದಾಗ ಮಾತ್ರ ಲೆಕ್ಕ ಪೂರ್ತಿ ಒಳಗಿನದು.

ಹಿರಿಯ ವಿದ್ಯಾರ್ಥಿಗಳು ಈ ಪ್ರಶ್ನೆಗಳಿಗೆ ಒಂದೊಂದು ಪುಟದ ಉತ್ತರ ಬರೆಯಲಿ:

1. ಹಿಟ್ಟಿನ ಕೋಳಿಯನ್ನು ಕಡಿದ ಯಶೋಧರ ಕ್ಷಮೆ ಕೇಳಬೇಕಾದದ್ದು ಯಾರಲ್ಲಿ?

2. ಕದ್ದ ಹಣವನ್ನೆಲ್ಲ ಖರ್ಚು ಮಾಡಿ ಬರಿಗೈಯಾದವನು ನಿಜಕ್ಕೂ ಮರುಗಿದರೆ, ಅವನ ಪಶ್ಚಾತ್ತಾಪ ಪೂರ್ಣವೇ?

3. ಮೂರು ಸಲ ಕೇಳಿದರೂ ಕ್ಷಮಿಸದವನನ್ನು ಪಾಪಿ ಎನ್ನುವ ಮೈಮೊನಿಡಿಸನ ಮಾತನ್ನು ಸಮರ್ಥಿಸಿ, ಇಲ್ಲವೇ ಖಂಡಿಸಿ.